ಹನ್ನೊಂದನೆಯ ಜನರಲ್ ಮ್ಯಾನೇಜರ್

ಹಿಂದಿನ ಬೀದಿಯ ಐಸ್ ಫ್ಯಾಕ್ಟರಿಯಲ್ಲಿ ಬೆಳಗಿನ ಐದೂವರೆಗೆ ಮಂಜುಗಡ್ಡೆಗಳು ಹಲಗೆಯ ಮೇಲಿಂದ ಜಾರತೊಡಗುತ್ತವೆ. ಸರ್ರನೆ ಉದ್ದಕ್ಕೆ ಎಳೆದ ಸದ್ದು, ಆಮೇಲೆ ಲಾರಿಯ ತಳಕ್ಕೆ ಧಡ್ಡೆಂದು ಬಿದ್ದ ಸದ್ದು. ಹೊಸದಾಗಿ ಬಾಡಿಗೆಗೆ ಬಂದವರು ತಿಂಗಳೊಪ್ಪತ್ತು ಬೈದುಕೊಂಡು, ಆಮೇಲೆ ಅದೇ ಸದ್ದಿಗೆ ಹಾಲು ಕಾಯಿಸಲು ಏಳುತ್ತಾರೆ. ಅವಳು ಮಾತ್ರ ಎದ್ದ ಮೇಲೂ ಒಂದು ಗಳಿಗೆ ಹಾಸಿಗೆಯಲ್ಲೇ ಕೂತು ಗಡ್ಡೆಗಳನ್ನು ಎಣಿಸುತ್ತಾಳೆ. ಒಂದರ ಹಿಂದೆ ಒಂದು ಎಷ್ಟು ಹೊತ್ತಿಗೆ ಬಿತ್ತು, ನಡುವೆ ಎಲ್ಲಿ ತಡವಾಯಿತು, ಲಾರಿ ಸರಿಯಾದ ವೇಳೆಗೆ ಬಂದಿತ್ತೋ ಇಲ್ಲವೋ ಎಂದು. ಯಾರದೋ ಕಾರ್ಖಾನೆ, ಯಾರದೋ ಲಾರಿ. ಆದರೆ ಹತ್ತೊಂಬತ್ತು ವರ್ಷ ಅದೇ ಕಸುಬು ಮಾಡಿದವಳಿಗೆ ಕಿವಿ ಸುಮ್ಮನಿರುವುದಿಲ್ಲ.

ಅವಳು ಕೆಲಸ ಮಾಡುವುದು ಔಷಧದ ರಟ್ಟಿನ ಪೆಟ್ಟಿಗೆಗಳನ್ನು ಮುದ್ರಿಸುವ ಕಾರ್ಖಾನೆಯಲ್ಲಿ. ಯಾವ ಯಂತ್ರದಲ್ಲಿ ಯಾವ ಪೆಟ್ಟಿಗೆ, ಯಾವುದರ ನಂತರ ಯಾವುದು ಎಂದು ವಾರದ ಯೋಜನೆ ಹಾಕುವವಳು. ಹಳದಿ ಮೊದಲು, ಕೆಂಪು ಆಮೇಲೆ, ಕಡುನೀಲಿ ಕೊನೆಗೆ. ಹಾಗೆ ಜೋಡಿಸಿದರೆ ನಡುನಡುವೆ ಯಂತ್ರ ನಿಲ್ಲಿಸಿ ರೋಲರು ತೊಳೆಯುವ ಹೊತ್ತು ಉಳಿಯುತ್ತದೆ. ಅವಸರದ ಗಿರಾಕಿ ಕಡುನೀಲಿಯವನೇ ಆಗಿದ್ದರೆ ಏನು ಮಾಡಬೇಕು ಎಂಬುದು ಪುಸ್ತಕದಲ್ಲಿಲ್ಲ, ಅವಳ ತಲೆಯಲ್ಲಿದೆ. ಯಂತ್ರದವರೆಲ್ಲ ಅವಳನ್ನು ಕರೆಯುವುದು ಪ್ಲಾನಕ್ಕ ಎಂದು. ಅವಳಿಗಿಂತ ಹದಿನೈದು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ.

ಒಂದೂವರೆ ವರ್ಷದ ಹಿಂದೆ ಪ್ಲಾನಕ್ಕ ಜನರಲ್ ಮ್ಯಾನೇಜರ್ ಆದಳು.

ಆ ವರ್ಷ ಕಂಪನಿಯಲ್ಲಿ ಯಾರಿಗೂ ಬಡ್ತಿ ಇಲ್ಲ ಎಂದು ಮೊದಲೇ ಗುಸುಗುಸು ಇತ್ತು. ಆದರೂ ದಪ್ಪ ಕಾಗದದ ಪತ್ರಗಳು ಬಂದವು. ಅವಳ ಪತ್ರದ ಮೊದಲ ಸಾಲಿನಲ್ಲಿ 'ಜನರಲ್ ಮ್ಯಾನೇಜರ್, ಯೋಜನಾ ಶ್ರೇಷ್ಠತೆ' ಎಂದು ದಪ್ಪಕ್ಷರದಲ್ಲಿತ್ತು. ಶ್ರೇಷ್ಠತೆ ಎಂದರೆ ಏನು ಮಾಡಬೇಕು ಎಂದು ಅವಳು ಕೇಳಲಿಲ್ಲ. ಮನೆಗೆ ಬಂದು ಪತ್ರ ತೋರಿಸಿದಾಗ ಗಂಡ ಎರಡು ಸಲ ಓದಿದ. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿ ಸೇರಿ ಟೈಮ್‌ಕೀಪರ್ ಆಗಿಯೇ ಇದ್ದವನು. ಮರುದಿನ ತಾನೇ ಹೋಗಿ ಪತ್ರಕ್ಕೆ ಕಟ್ಟು ಹಾಕಿಸಿಕೊಂಡು ಬಂದ. ಸಿಕ್ಕ ಫ್ರೇಮು ಸ್ವಲ್ಪ ಚಿಕ್ಕದಿತ್ತು. ಕಟ್ಟು ಹಾಕುವವನು ಕಾಗದದ ಕೆಳತುದಿಯನ್ನು ಹಿಂದಕ್ಕೆ ಮಡಚಿ ಕೂರಿಸಿದ್ದ. ಗೋಡೆಯ ಮೇಲೆ ನೋಡಲು ಲಕ್ಷಣವಾಗಿತ್ತು.

ಅತ್ತೆಗಂತೂ ಹೇಳಿಕೊಳ್ಳಲು ಊರು ಸಾಲಲಿಲ್ಲ. ಕಣ್ಣಿನ ಡಾಕ್ಟರ ಬಳಿ ಹೋದರೆ, ಹೆಸರು ಬರೆದುಕೊಳ್ಳುವ ಹುಡುಗಿಗೆ ತಮ್ಮ ವಯಸ್ಸು ಹೇಳುವ ಮೊದಲೇ, "ನನ್ನ ಸೊಸೆ ಜನರಲ್ ಮ್ಯಾನೇಜರು, ಮನೆಗೆ ಬೇಗ ಬರೋಕಾಗಲ್ಲ, ಅಡುಗೆ ನಂದೇ, ನಮ್ಮನ್ನ ಬೇಗ ಬಿಟ್ಬಿಡಮ್ಮ" ಎನ್ನುತ್ತಿದ್ದರು.

ಪ್ಲಾನಕ್ಕನೂ ಖುಷಿಯಾಗಿದ್ದಳು. ಸುಳ್ಳೇಕೆ? ಹೆಸರಿನ ಕೆಳಗೆ ಆ ಎರಡು ಪದ ಬರೆದು ಸಹಿ ಹಾಕುವಾಗ ಪೆನ್ನು ತಾನಾಗಿಯೇ ನಿಧಾನವಾಗುತ್ತಿತ್ತು. ಆದರೆ ಮೂರನೆಯ ಸೋಮವಾರದಿಂದಲೇ ಏನೋ ಒಂದು ಕಾಣೆಯಾಗಿದೆ ಎನ್ನಿಸತೊಡಗಿತು.

ಆ ಕಾರ್ಖಾನೆಯಲ್ಲಿ ಒಂದು ರೂಢಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆಯ ಮುಖ್ಯಸ್ಥರು ಯಂತ್ರಗಳ ನಡುವಿನ ಉದ್ದದ ತಪಾಸಣೆ ಮೇಜಿನ ಬಳಿ ಬಂದು ನಿಲ್ಲುತ್ತಾರೆ. ಕುರ್ಚಿ ಇಲ್ಲ, ಟೀ ಇಲ್ಲ. ಅವರಿಗೆ ನೇರವಾಗಿ ಲೆಕ್ಕ ಒಪ್ಪಿಸುವವರು ಮಾತ್ರ ಸುತ್ತ ನಿಲ್ಲಬೇಕು. ಇಪ್ಪತ್ತು ನಿಮಿಷದಲ್ಲಿ ವಾರದ ಜಗಳವೆಲ್ಲ ಮುಗಿಯಬೇಕು. ಹನ್ನೊಂದು ವರ್ಷ ಪ್ಲಾನಕ್ಕ ಆ ಮೇಜಿನ ಎಡಮೂಲೆಯಲ್ಲಿ ನಿಂತಿದ್ದಳು. "ನೀಲಿ ಬುಧವಾರಕ್ಕೆ ಮುಂಚೆ ಆಗಲ್ಲ ಸರ್" ಎಂದು ಅವಳು ಹೇಳಿದರೆ ಆಗುತ್ತಿರಲಿಲ್ಲ. ಆಗ ಅವಳ ಹುದ್ದೆಯ ಹೆಸರು ಬರೀ 'ಯೋಜನಾಧಿಕಾರಿ'.

ಜನರಲ್ ಮ್ಯಾನೇಜರ್ ಆದ ಮೇಲೆ ಮೇಜಿನ ಬಳಿ ಹೊಸಬರೊಬ್ಬರು ನಿಲ್ಲತೊಡಗಿದರು. ಉಪಾಧ್ಯಕ್ಷರು. ಪ್ಲಾನಕ್ಕನೂ, ಅವಳ ಕೈಕೆಳಗಿದ್ದ ಇಬ್ಬರು ಗುಮಾಸ್ತರೂ ಅವರ ಕೆಳಗೆ ಹೋದರು. "ಇನ್ನು ನೀವು ನಿಂತು ಕಾಲು ನೋಯಿಸ್ಕೋಬೇಕಿಲ್ಲ, ನಾನು ಹೋಗಿ ಬರ್ತೀನಿ" ಎಂದು ಅವರು ಸೌಜನ್ಯದಿಂದಲೇ ಹೇಳಿದ್ದರು. ಅವಳು ಬರೆದುಕೊಟ್ಟ ಯೋಜನೆಯನ್ನು ಅವರು ಒಯ್ದರು. ಒಂಬತ್ತೂವರೆಗೆ ಅದು ತಿದ್ದಿಸಿಕೊಂಡು ವಾಪಸು ಬಂತು. ಯಾರು ತಿದ್ದಿದರು, ಯಾಕೆ, ಯಾರೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆದರೂ ಸೋಮವಾರ ಒಂಬತ್ತಕ್ಕೆ ಐದು ನಿಮಿಷವಿದೆ ಎನ್ನುವಾಗ ಅವಳ ಕಾಲುಗಳು ಏಳುತ್ತಿದ್ದವು. ಎದ್ದು, ಕಿಟಕಿಯವರೆಗೆ ಹೋಗಿ, ಅಲ್ಲಿಂದ ಮೇಜಿನ ಸುತ್ತ ಬಾಗಿದ ಬೆನ್ನುಗಳನ್ನು ನೋಡಿ, ನೀರು ಕುಡಿಯಲೆಂದೇ ಎದ್ದವಳಂತೆ ನೀರು ಕುಡಿದು ಕೂರುತ್ತಿದ್ದಳು. ತವರಿನ ಬೀದಿಯಲ್ಲಿ ಬಸ್ಸು ಹೋಗುವಾಗ ಇಳಿಯಲಾಗದೆ ಕಿಟಕಿಗೆ ಮುಖವೊತ್ತಿ ಕೂತವಳ ಪಾಡು.

ಇನ್ನೊಂದು ಸಂಗತಿಯನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಹೋದ ವರ್ಷ ದೊಡ್ಡದೊಂದು ಕಂಪನಿಯವರು ಅವಳ ಹೆಸರಿನ ಕೆಳಗಿನ ಎರಡು ಪದ ನೋಡಿ ತಾವಾಗಿ ಸಂದರ್ಶನಕ್ಕೆ ಕರೆದಿದ್ದರು. ಎದುರಿಗೆ ಕೂತವರು ಮೂರೇ ಪ್ರಶ್ನೆ ಕೇಳಿದರು. ನಿಮ್ಮ ಕೈಕೆಳಗೆ ಎಷ್ಟು ಜನ? ಯಾರೂ ಇಲ್ಲ. ನೀವೇ ಸಹಿ ಹಾಕಿ ಕೊನೆ ಮಾಡಬಹುದಾದ್ದು ಯಾವುದು? ಯಾವುದೂ ಇಲ್ಲ. ನಿಮಗೂ ಕಾರ್ಖಾನೆಯ ಮುಖ್ಯಸ್ಥರಿಗೂ ನಡುವೆ ಯಾರಿದ್ದಾರೆ? ಅವಳು ಉಪಾಧ್ಯಕ್ಷರ ಹೆಸರು ಹೇಳಿದಳು. ಅವರು ಅವಳ ಫೈಲನ್ನು ಮೆಲ್ಲಗೆ ಮುಚ್ಚಿ, ಅವಳು ಬಂದ ದಾರಿ ದೂರವಾಯಿತೇ ಎಂದು ವಿಚಾರಿಸಿದರು. ಮುಚ್ಚಿದ ರೀತಿಯಲ್ಲಿ ಮರ್ಯಾದೆ ಇತ್ತು. ಅದೇ ಹೆಚ್ಚು ನೋಯಿಸಿತು.

ಈ ಸಲ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಅಂಟಿತು. ಹಳೆಯ ಉತ್ಪಾದನಾ ಸೂಪರಿಂಟೆಂಡೆಂಟ್ ಕಂಪನಿಯ ಇನ್ನೊಂದು ಕಾರ್ಖಾನೆಗೆ ಮುಖ್ಯಸ್ಥರಾಗಿ ಹೋಗುತ್ತಿದ್ದರು. ಆ ಜಾಗಕ್ಕೆ ಒಳಗಿನವರು ಅರ್ಜಿ ಹಾಕಬಹುದು. ಕೊನೆಯ ದಿನ ಮುಂದಿನ ಶುಕ್ರವಾರ, ಸಂಜೆ ಐದು.

ಪ್ಲಾನಕ್ಕ ಅದನ್ನು ಓದಿದಳು, ಮುಂದೆ ಹೋದಳು, ಹಿಂದಿರುಗಿ ಬಂದು ಮತ್ತೆ ಓದಿದಳು.

"ಅದು ನಿಮಗಲ್ಲ ಬಿಡಿ ಪ್ಲಾನಕ್ಕ" ಎಂದ ಪಕ್ಕದಲ್ಲಿ ನಿಂತಿದ್ದ ಫೋರ್‌ಮನ್. "ನೀವಾಗಲೇ ಮಹಡಿ ಹತ್ತಿದೀರಿ. ಮೆಟ್ಟಿಲಿಗೆ ಯಾಕೆ ಇಳೀತೀರಿ?"

ರಾತ್ರಿಯೂಟಕ್ಕೆ ಕೂತಾಗ ಮನೆಯಲ್ಲಿ ಸುಮ್ಮನೆ ಮಾತು ತೆಗೆದಳು. ಗಂಡ ತುತ್ತು ಕೈಯಲ್ಲೇ ಹಿಡಿದು ನೋಡಿದ.

"ಸೂಪರಿಂಟೆಂಡೆಂಟ್ ಅಂದ್ರೆ ಹಾಸ್ಟೆಲ್ ನೋಡ್ಕೊಳ್ಳೋರಲ್ವಾ?" ಎಂದರು ಅತ್ತೆ.

"ಅಲ್ಲ ಅತ್ತೆ. ಯಂತ್ರ, ಜನ, ಎಲ್ಲ ನೋಡ್ಕೊಳ್ಳೋದು. ಅರವತ್ನಾಲ್ಕು ಜನ."

"ಅರವತ್ನಾಲ್ಕು ಜನರನ್ನ ಬೈಯೋ ಕೆಲಸ. ಜನರಲ್ ಮ್ಯಾನೇಜರ್ ಆಗಿರೋಳು ಆನೆ ಮೇಲಿಂದ ಇಳಿದು ಕತ್ತೆ ಹತ್ತೋಕೆ ಹೋಗ್ತಾಳೇನೋ ಮಗ?"

"ಆನೆ ನಡೀತಾ ಇದ್ದಿದ್ರೆ ಇಳೀತಿರಲಿಲ್ಲ" ಎಂದಳು ಅವಳು. ಅಷ್ಟು ದಿನದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಅಂದಿದ್ದಳು.

ಗಂಡ ಕೊನೆಗೆ ಕೇಳಿದ್ದಿಷ್ಟೆ: "ಸಂಬಳ ಕಮ್ಮಿ ಆಗುತ್ತೇನೇ?"

"ಗೊತ್ತಿಲ್ಲ ರೀ."

"ಗೊತ್ತಿಲ್ದೆ ಬೇಡ ಅನ್ನೋದೂ ತಪ್ಪು, ಹೂಂ ಅನ್ನೋದೂ ತಪ್ಪು. ಕೇಳಿ ಬಾ."

ಕೇಳುವುದಕ್ಕೆ ಒಬ್ಬನೇ ಮನುಷ್ಯನಿದ್ದ. ಸಿಬ್ಬಂದಿ ವಿಭಾಗದ ಹಳೆಯ ಗುಮಾಸ್ತ. ಎಲ್ಲರೂ ಫೈಲಣ್ಣ ಎನ್ನುತ್ತಿದ್ದರು. ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ, ಯಾರ ಹಂಗೂ ಇಲ್ಲ. ಮರುದಿನ ಮಧ್ಯಾಹ್ನ ಅವಳು ಅವನ ಕಟಕಟೆಯ ಮುಂದೆ ನಿಂತು ವಿಷಯ ಹೇಳಿದಾಗ ಅವನು ಕನ್ನಡಕವನ್ನು ಹಣೆಗೇರಿಸಿದ.

"ನಿನ್ನ ಗ್ರೇಡು ಎಷ್ಟಮ್ಮ?"

"ಆರು. ಆದ್ರೆ ಅದು ಹಳೇದು. ಜನರಲ್ ಮ್ಯಾನೇಜರ್ ಆದ್ಮೇಲೆ..."

"ಪತ್ರ ತಂದಿದೀಯಾ?"

"ಗೋಡೆ ಮೇಲಿದೆ."

"ಇಳಿಸಿ ಪೂರ್ತಿ ಓದ್ಕೊಂಡು ಬಾ. ಕಡತದಲ್ಲಿ ನನ್ನ ಹತ್ರಾನೂ ಇದೆ, ತೆಗೆದು ತೋರಿಸಬಹುದು. ಆದ್ರೆ ನೀನು ನಿನ್ನ ಮನೇಲಿ ಓದಿದ್ರೇ ಚೆನ್ನ."

ಅವಳು ಅಂದೇ ಸಂಜೆ ಮೊಳೆಯಿಂದ ಫ್ರೇಮು ಇಳಿಸಿದಳು. ಹಿಂದಿನ ಚೂರು ರಟ್ಟು ಬಿಚ್ಚಿ, ಮಡಚಿದ ಕಾಗದವನ್ನು ಬೆರಳಿನಿಂದ ಸವರಿ ಸರಿಮಾಡಿದಳು. ಕೆಳಗೆ ಸಣ್ಣಕ್ಷರದಲ್ಲಿ ಎರಡು ಸಾಲಿದ್ದವು. 'ತಾವು ಉಪಾಧ್ಯಕ್ಷರಿಗೆ ವರದಿ ಮಾಡತಕ್ಕದ್ದು. ಗ್ರೇಡ್ ಸೇರಿ ಇತರ ಎಲ್ಲ ಷರತ್ತುಗಳು ಹಿಂದಿನಂತೆಯೇ ಇರುತ್ತವೆ.' ಆಗಲೇ ಓದಿದ್ದಳು, ಓದದೆ ಸಹಿ ಹಾಕುವವಳಲ್ಲ. ಆದರೆ ಒಂದೂವರೆ ವರ್ಷ ಗೋಡೆಯ ಮೇಲೆ ಅವು ಇರಲಿಲ್ಲವಾದ್ದರಿಂದ ಮನಸ್ಸಿನಲ್ಲೂ ಉಳಿದಿರಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗಂಡ, "ದೊಡ್ಡ ಫ್ರೇಮೇ ಕೊಡು ಅಂದಿದ್ದೆ ಕಣೆ ಅವನಿಗೆ" ಎಂದ. ಅವನ ದನಿಯಲ್ಲಿದ್ದುದು ಅಪರಾಧಿ ಭಾವವೇ. ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಮರುದಿನ ಫೈಲಣ್ಣ ಕಪಾಟಿನಿಂದ ಉದ್ದನೆಯ ಹಾಳೆಗಳ ಒಂದು ಸುರುಳಿ ತೆಗೆದ. ವರ್ಷಕ್ಕೊಂದರಂತೆ ಕಾರ್ಖಾನೆಯ ಹುದ್ದೆಗಳ ನಕ್ಷೆ. ಮೇಲೆ ಒಂದು ಚೌಕ, ಅದರ ಕೆಳಗೆ ಗೆರೆ ಇಳಿದು ಒಂದು ಸಾಲು ಚೌಕ, ಅದರ ಕೆಳಗೆ ಇನ್ನೊಂದು ಸಾಲು.

"ಚೌಕದೊಳಗೆ ಏನು ಬರ್ದಿದೆ ಅಂತ ನೋಡ್ಬೇಡ. ಎಷ್ಟನೇ ಸಾಲು ನೋಡು. ಮೂರು ವರ್ಷದ ಹಿಂದೆ ನೀನೆಲ್ಲಿದೀಯ?"

ಅವಳು ಬೆರಳಿಟ್ಟಳು. ಎರಡನೆಯ ಸಾಲು.

"ಈಗ?"

ಮೂರನೆಯ ಸಾಲು. ಕೆಳಗೆ ಗೆರೆಯೇ ಇಳಿದಿರಲಿಲ್ಲ.

"ಹೆಸರು ಮೇಲಕ್ಕೆ ಹೋಯ್ತು, ನೀನು ಕೆಳಕ್ಕೆ ಬಂದೆ" ಎಂದ ಫೈಲಣ್ಣ. "ನೀನೊಬ್ಬಳೇ ಅಲ್ಲಮ್ಮ. ಗ್ರೇಡು ಏರಿಸಿದ್ರೆ ಸಂಬಳ, ರಜೆ, ಎಲ್ಲ ಏರಬೇಕು. ಹೆಸರಿಗೆ ಏನು ಖರ್ಚು, ಒಂದು ಹಾಳೆ ಕಾಗದ. ಬಡ್ತಿ ಇಲ್ಲದ ವರ್ಷ ಹೆಸರು ಹಂಚ್ತಾರೆ. ಇವತ್ತು ಈ ಕಾರ್ಖಾನೇಲಿ ಹನ್ನೊಂದು ಜನರಲ್ ಮ್ಯಾನೇಜರ್. ಪಟ್ಟೀಲಿ ಹನ್ನೊಂದನೇ ಹೆಸರು ನಿಂದು. ಏಳು ಜನಕ್ಕೆ ಕೈಕೆಳಗೆ ಯಾರೂ ಇಲ್ಲ. ಕ್ಯಾಂಟೀನಲ್ಲಿ ನಿಂತ್ಕೊಂಡು ಜನರಲ್ ಮ್ಯಾನೇಜರೇ ಅಂತ ಕೂಗು, ಅರ್ಧ ಬೆಂಚು ಎದ್ದು ನಿಲ್ಲುತ್ತೆ."

"ಮತ್ತೆ ಆ ಸೂಪರಿಂಟೆಂಡೆಂಟ್?"

ಅವನು ನಕ್ಷೆಯ ಎರಡನೆಯ ಸಾಲಿನ ಒಂದು ಚೌಕದ ಮೇಲೆ ಪೆನ್ಸಿಲು ಇಟ್ಟ. "ಗ್ರೇಡು ಏಳು. ಸಂಬಳ ಏರುತ್ತೆ, ಇಳಿಯಲ್ಲ. ವರದಿ ನೇರ ಮುಖ್ಯಸ್ಥರಿಗೆ. ಕೆಳಗೆ ಅರವತ್ನಾಲ್ಕು. ಹೆಸರು ಹಳೇ ಕಾಲದ್ದು, ಅದನ್ನ ಉಬ್ಬಿಸೋಕೆ ಯಾರಿಗೂ ಪುರುಸೊತ್ತಾಗಿಲ್ಲ, ಅಷ್ಟೆ."

"ಅಲ್ಲಿ ಕೂತ್ರೆ ಮುಖ್ಯಸ್ಥರಾಗಬಹುದಾ?" ಅವಳು ಕೇಳಿಯೇಬಿಟ್ಟಳು. ಹತ್ತೊಂಬತ್ತು ವರ್ಷದಿಂದ ಒಳಗೆ ಇಟ್ಟುಕೊಂಡಿದ್ದ ಪ್ರಶ್ನೆ ಬೆಳಕಿಗೆ ಬಂದಾಗ ಎಷ್ಟು ಪುಟ್ಟದಾಗಿತ್ತು.

ಫೈಲಣ್ಣ ಹಳೆಯ ಹಾಳೆಗಳನ್ನು ಒಂದೊಂದಾಗಿ ಹೊರಳಿಸಿದ.

"ಸುಳ್ಳು ಆಸೆ ಹುಟ್ಟಿಸಲ್ಲ. ನಾನು ಬಂದಮೇಲೆ ಆ ಕುರ್ಚೀಲಿ ಐದು ಜನ ಕೂತರು. ಮೂರು ಜನ ಮೇಲೆ ಹೋದ್ರು. ಒಬ್ರು ಅಲ್ಲೇ ಕೂದಲು ಹಣ್ಣು ಮಾಡ್ಕೊಂಡು ನಿವೃತ್ತಿ ಆದ್ರು. ಇನ್ನೊಬ್ರು ಎರಡೇ ವರ್ಷಕ್ಕೆ ಸಾಕಪ್ಪ ಅಂತ ಬಿಟ್ರು. ನಿನ್ನ ಈಗಿನ ಕುರ್ಚಿಯಿಂದ ಎಷ್ಟು ಜನ ಮೇಲೆ ಹೋಗಿದಾರೆ ಅಂತ ಹೇಳೋಕಾಗಲ್ಲ. ನಿನಗಿಂತ ಮುಂಚೆ ಆ ಕುರ್ಚೀನೇ ಇರಲಿಲ್ಲ."

ಅವನು ಅರ್ಜಿಯ ನಮೂನೆ ಕೊಟ್ಟು ನಿಯಮ ಹೇಳಿದ. ಯಾರಿಗೆ ವರದಿ ಮಾಡುತ್ತೀಯೋ ಅವರ ಸಹಿ ಬೇಕು. ಅವರು ಐದು ಕೆಲಸದ ದಿನದೊಳಗೆ ಹೂಂ ಎಂದೋ ಊಹೂಂ ಎಂದೋ ಬರೆದುಕೊಡಬೇಕು. ಊಹೂಂ ಎಂದರೆ ಕಾರಣ ಬರೆಯಬೇಕು. ಅದು ಮುಖ್ಯಸ್ಥರ ಮುಂದೆ ಹೋಗುತ್ತದೆ.

ಅವಳು ಆ ಸಂಜೆಯೇ ಅರ್ಜಿಯನ್ನು ಉಪಾಧ್ಯಕ್ಷರ ಮೇಜಿನ ಮೇಲಿಟ್ಟಳು. ಅದು ಶುಕ್ರವಾರ. ಸೋಮವಾರ ಅವರು ಏನೂ ಅನ್ನಲಿಲ್ಲ. ಮಂಗಳವಾರ ಎದುರು ಸಿಕ್ಕಾಗ ಹವೆಯ ಬಗ್ಗೆ ಮಾತಾಡಿದರು. ಬುಧವಾರ ಅವಳು ಯಂತ್ರಗಳ ನಡುವೆ ಯಾವ ಕೆಲಸವೂ ಇಲ್ಲದೆ ನಡೆದಳು. ಮೂರನೆಯ ಯಂತ್ರದಲ್ಲಿ ಕೆಂಪು ಓಡುತ್ತಿತ್ತು, ಪಕ್ಕದಲ್ಲಿ ಹಳದಿಯ ಶಾಯಿ ಡಬ್ಬ ತೆರೆದು ಕಾಯುತ್ತಿತ್ತು. ತಿರುಗುಮುರುಗು. ಅವಳು ಬರೆದುಕೊಟ್ಟದ್ದು ಹಾಗಲ್ಲ, ಮೇಜಿನ ಬಳಿ ಯಾರೋ ತಿದ್ದಿದ್ದಾರೆ. ಕೆಂಪಾದ ಮೇಲೆ ಹಳದಿ ಎಂದರೆ ರೋಲರು ಮೂರು ಸಲ ತೊಳೆಯಬೇಕು. ಹೇಳಲು ಬಾಯಿ ತೆರೆದಳು, ಯಾರಿಗೆ ಹೇಳಬೇಕೆಂದು ತಿಳಿಯದೆ ಮುಚ್ಚಿದಳು. ಬಿಸಿ ಕಾಗದದ ವಾಸನೆ, ಶಾಯಿಯ ವಾಸನೆ. ಇದೆಲ್ಲ ನನ್ನದಾಗಿರಬೇಕಿತ್ತು ಎಂದು ಅನ್ನಿಸಲಿಲ್ಲ ಅವಳಿಗೆ. ಇದಕ್ಕೆಲ್ಲ ನಾನು ಬೇಕಾಗಿರಬೇಕಿತ್ತು ಎಂದು ಅನ್ನಿಸಿತು.

ಕೊನೆಯ ದಿನ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಉಪಾಧ್ಯಕ್ಷರು ಕರೆಸಿದರು. ಅರ್ಜಿ ಅವರ ಮುಂದೆಯೇ ಇತ್ತು, ಅದರ ಪಕ್ಕದಲ್ಲಿ ದಪ್ಪ ಕಾಗದದ ಇನ್ನೊಂದು ಪತ್ರ.

"ಕೂತ್ಕೊಳ್ಳಿ ಮೇಡಂ. ನಿಮಗೋಸ್ಕರ ಮಾತಾಡಿದೀನಿ. ಸೀನಿಯರ್ ಜನರಲ್ ಮ್ಯಾನೇಜರ್. ಸಹಿ ಆಗಿದೆ, ಇವತ್ತೇ ತಗೊಂಡು ಹೋಗಿ."

ಅವಳು ಪತ್ರ ತೆಗೆದುಕೊಂಡಳು. ಮೊದಲ ಸಾಲು ಬಿಟ್ಟು ಕೆಳಗಿನಿಂದ ಓದಿದಳು.

"ಸರ್, ಗ್ರೇಡು?"

"ಅದು ಮುಂದಿನ ವರ್ಷ ನೋಡೋಣ ಅಂದಿದಾರೆ."

"ವರದಿ ಯಾರಿಗೆ?"

"ನನಗೇ." ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೊರಗಿದರು. ಆಮೇಲೆ, ಬಾಗಿಲು ಮುಚ್ಚಿದೆಯೇ ಎಂದು ನೋಡಿ, ಬೇರೆಯದೇ ದನಿಯಲ್ಲಿ ಹೇಳಿದರು: "ನೋಡಿ, ನಿಮ್ಮ ಹತ್ರ ಮುಚ್ಚಿಟ್ಟು ಏನಾಗಬೇಕು. ನನ್ನ ಕೆಳಗೆ ಇರೋದು ಮೂರು ಜನ. ನೀವು ಹೋದ್ರೆ ಇಬ್ಬರು. ಇಬ್ಬರನ್ನ ನೋಡ್ಕೊಳ್ಳೋಕೆ ಒಬ್ಬ ಉಪಾಧ್ಯಕ್ಷ ಯಾಕೆ ಅಂತ ಮೇಲಿನವರು ಕೇಳಿದ್ರೆ ನಾನೇನು ಹೇಳಲಿ?"

ಅವಳಿಗೆ ಮೊದಲ ಸಲ ಅವರ ಮೇಲಿನ ಸಿಟ್ಟು ಇಳಿಯಿತು. ಈ ಮನುಷ್ಯನ ಮನೆಯಲ್ಲೂ ಒಂದು ಕಟ್ಟು ಹಾಕಿದ ಪತ್ರ ಇರಬಹುದು. ಆ ಪತ್ರವನ್ನು ಹೊಗಳುವ ಒಬ್ಬರು ಅಮ್ಮನೋ ಅತ್ತೆಯೋ ಇರಬಹುದು. ಒಂದು ಕ್ಷಣ, ಇರಲಿ ಬಿಡು ಎನ್ನಿಸಿತು ಕೂಡ. ಸೀನಿಯರ್ ಎಂಬ ಪದ ಅತ್ತೆಯ ಬಾಯಲ್ಲಿ ಹೇಗೆ ಮೆರೆಯುತ್ತದೆ ಎಂದು ಕಿವಿಯಲ್ಲೇ ಕೇಳಿಸಿತು. ಕೈಯಲ್ಲಿದ್ದ ಕಾಗದ ಚೆನ್ನಾಗಿತ್ತು, ಗರಿಗರಿಯಾಗಿತ್ತು.

ಪತ್ರವನ್ನು ಮೇಜಿನ ಮೇಲಿಟ್ಟು ಎರಡು ಬೆರಳಿನಿಂದ ಅವರ ಕಡೆಗೆ ಸರಿಸಿದಳು.

"ನಿಮ್ಮ ಕಷ್ಟ ಅರ್ಥ ಆಗುತ್ತೆ ಸರ್. ಆದ್ರೆ ನನಗೆ ಈಗ ನಲವತ್ತಮೂರು. ಇನ್ನೂ ಐದು ವರ್ಷ ಈ ಸಾಲಲ್ಲೇ ಇದ್ರೆ, ಆಮೇಲೆ ನಾನು ಕೇಳಿದ್ರೂ ಯಾರೂ ಕೊಡಲ್ಲ. ನೀವು ಬೇಡ ಅಂತಾನೇ ಬರೀರಿ ಬೇಕಾದ್ರೆ. ಕಾರಣ ಇದೇ ಅಂತ ಬರೀರಿ."

ಅವರು ಅರ್ಜಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಇಬ್ಬರಿಗೊಬ್ಬ ಉಪಾಧ್ಯಕ್ಷ ಎಂದು ಸ್ವಹಸ್ತದಲ್ಲಿ ಬರೆದು ಮುಖ್ಯಸ್ಥರ ಮುಂದೆ ಕಳಿಸುವುದು ಹೇಗೆ? ಕೊನೆಗೆ ಪೆನ್ನು ತೆಗೆದು ಸಹಿ ಮಾಡಿದರು. "ಒಳ್ಳೇದಾಗಲಿ" ಎಂದರು. ಆ ಮಾತಿನಲ್ಲಿ ಅರ್ಧವಾದರೂ ನಿಜವಿತ್ತು.

ನಾಲ್ಕೂಕಾಲಿಗೆ ಅವಳು ಫೈಲಣ್ಣನ ಕಟಕಟೆಯ ಮುಂದಿದ್ದಳು. ಅವನು ಅರ್ಜಿಯನ್ನು ತಿರುವಿ ನೋಡಿ, ವೇಳೆಯ ಮುದ್ರೆ ಒತ್ತಿ, ಕೊನೆಯ ಪುಟ ತೆರೆದ.

"ಇಲ್ಲೊಂದು ಸಹಿ. ಆಯ್ಕೆ ಆದ್ರೆ ಈಗಿನ ಹುದ್ದೆಯ ಹೆಸರು ಬಿಡ್ತೀನಿ ಅಂತ."

ಅವಳು ಸಹಿ ಹಾಕಿದಳು. ಕೆಳಗೆ ಹುದ್ದೆ ಬರೆಯುವ ಜಾಗದಲ್ಲಿ ಆ ಎರಡು ಪದಗಳನ್ನು ಬರೆಯುವಾಗ ಪೆನ್ನು ಈ ಸಲವೂ ತುಸು ನಿಧಾನವಾಯಿತು. ಇರಲಿ, ಒಂದೂವರೆ ವರ್ಷ ಜೊತೆಗಿದ್ದ ಹೆಸರು.

"ಬುಧವಾರ ಸಂದರ್ಶನ" ಎಂದ ಫೈಲಣ್ಣ. "ಮುಖ್ಯಸ್ಥರೇ ಕೂರ್ತಾರೆ. ಇನ್ನೊಂದು ಕಾರ್ಖಾನೆಯಿಂದ ಒಬ್ಬ ಇಂಜಿನಿಯರೂ ಹಾಕಿದಾನೆ, ಚುರುಕಿನೋನು ಅಂತಾರೆ. ಎರಡು ವರ್ಷದಿಂದ ಅಲ್ಲಿ ಮೂವತ್ತು ಜನರನ್ನ ನೋಡ್ಕೊಳ್ತಿದಾನೆ. ನಿನ್ನ ಈಗಿನ ಚೌಕದ ಕೆಳಗೆ ಯಾರೂ ಇಲ್ಲ ಅಂತ ಕೇಳೇ ಕೇಳ್ತಾರೆ."

"ಕೇಳಲಿ. ಇರೋದನ್ನೇ ಹೇಳ್ತೀನಿ."

"ಸಿಗದೇ ಹೋದ್ರೆ ಏನಮ್ಮ ಮಾಡ್ತೀಯ? ಬೇಜಾರು ಮಾಡ್ಕೊಳ್ತೀಯಾ?"

ಪ್ಲಾನಕ್ಕ ಪೆನ್ನಿನ ಮುಚ್ಚಳ ಹಾಕಿ ಅವನ ಮುಂದಿಟ್ಟಳು. ಕಾರಿಡಾರಿನ ತುದಿಯಲ್ಲಿ ಯಂತ್ರಗಳ ಕಡೆಯ ಬಾಗಿಲು ತೆರೆಯಿತು. ಫೋರ್‌ಮನ್ ಅರ್ಧ ಮೈ ಹೊರಗೆ ಹಾಕಿ ಕೈಬೀಸಿ ಕೂಗಿದ. ಸೋಮವಾರಕ್ಕೆ ಬರಬೇಕಿದ್ದ ರಟ್ಟು ಇವತ್ತೇ ಬಂದಿದೆ, ಎಲ್ಲಿ ಇಳಿಸಬೇಕೆಂದು ಹೇಳುವವರು ಯಾರೂ ಇಲ್ಲ ಎಂದು.

"ಬೇಜಾರು ಆಗ್ದೇ ಇರುತ್ತಾ ಫೈಲಣ್ಣ" ಎಂದಳು ಅವಳು, ಕಣ್ಣು ಆ ಬಾಗಿಲ ಮೇಲೇ ಇಟ್ಟು. "ಆದ್ರೆ ಇಷ್ಟು ವರ್ಷ ಅವರಾಗಿ ಕೊಟ್ಟಿದ್ದನ್ನ ತಗೊಂಡೆ. ನನಗೆ ಇದು ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು, ಅದಕ್ಕೇ ನನಗೆ ಒಂಥರಾ ಸಮಾಧಾನ" ಎನ್ನುತ್ತ ಸೆರಗು ಸಿಕ್ಕಿಸಿಕೊಂಡು ಆ ಬಾಗಿಲ ಕಡೆಗೆ ನಡೆದಳು.